ಮ್ಯಾಕ್ ಡೆಸ್ಕ್‌ಟಾಪ್‌ನಲ್ಲಿ ಐಕಾನ್ ಬದಲಾವಣೆ: ಇತಿಹಾಸ

ಆಪಲ್ ಸಂಸ್ಥೆಯ ಮ್ಯಾಕ್ ಕಂಪ್ಯೂಟರುಗಳಲ್ಲಿ ಫೋಲ್ಡರ್ ಮತ್ತು ಆ್ಯಪ್‌ಗಳ ಮೂಲ ಐಕಾನ್ ತೆಗೆದು, ಒಂದೇ ಶೈಲಿಯ ಐಕಾನ್‌ಗಳನ್ನು ಕೂರಿಸಿ ಇಡೀ ಪರದೆಗೆ ಒಂದು ರೂಪ ಕೊಡುವ ರೂಢಿಯ ಇತಿಹಾಸವಿದು. ಇದು 2015ರಲ್ಲಿ ಕೊನೆಗೊಂಡಿತು ಎಂಬ ಮಾತು ಹಲವೆಡೆ ಕಾಣಸಿಗುತ್ತದೆ. ಎರಡು ಬೇರೆ ಬೇರೆ ವಿಧಾನಗಳನ್ನು ಒಂದೆಂದು ಎಣಿಸಿದ್ದರಿಂದ ಹುಟ್ಟಿದ ಗೊಂದಲವಿದು. ಮೊದಲನೆಯದು ಬಿಡಿ ಬದಲಾವಣೆ: ಬಳಕೆದಾರರು ತಮಗೆ ಬೇಕಾದ ಫೋಲ್ಡರ್ ಅಥವಾ ಆ್ಯಪ್‌ಗೆ ಬೇರೊಂದು ಚಿತ್ರವನ್ನು ಅಂಟಿಸುತ್ತಾರೆ. ಎರಡನೆಯದು ಮೂಲ ಬದಲಾವಣೆ: ವ್ಯವಸ್ಥೆ ತಾನೇ ಬಳಸುವ ಐಕಾನ್ ಫೈಲನ್ನೇ ಬದಲಿಸುವುದರಿಂದ ಎಲ್ಲ ಸಾಮಾನ್ಯ ಫೋಲ್ಡರ್‌ಗಳೂ ಒಮ್ಮೆಲೇ ಹೊಸ ರೂಪ ಪಡೆಯುತ್ತವೆ. 2015ರಲ್ಲಿ ಮುಖ್ಯವಾಗಿ ಮುಚ್ಚಿದ್ದು ಎರಡನೆಯ ದಾರಿ.

ಆರಂಭ (1984–1991)

1984ರ ಮ್ಯಾಕಿಂಟಾಷ್‌ನ ಐಕಾನ್‌ಗಳನ್ನು ಸೂಸನ್ ಕೇರ್ 32×32 ಚುಕ್ಕಿಗಳ ಕಪ್ಪು-ಬಿಳುಪು ಚೌಕದಲ್ಲಿ ರಚಿಸಿದರು. ಆಪಲ್‌ನದೇ ಆದ ರೆಸ್‌ಎಡಿಟ್ ಉಪಕರಣದಿಂದ ಆ್ಯಪ್‌ನ ಒಳಗಿನ ಚಿತ್ರವನ್ನು ತಿದ್ದಬಹುದಿತ್ತು. ಆದರೆ ಯಾವುದೋ ಒಂದು ಫೋಲ್ಡರ್‌ಗೆ ಮಾತ್ರ ಪ್ರತ್ಯೇಕ ಐಕಾನ್ ಕೊಡಲು ಫೈಂಡರ್‌ನಲ್ಲಿ ಅವಕಾಶವಿರಲಿಲ್ಲ.

ಅಂಟಿಸುವ ವಿಧಾನ (1991ರಿಂದ)

1991ರ ಮೇ ತಿಂಗಳಲ್ಲಿ ಬಂದ ಸಿಸ್ಟಮ್ 7 ಆ ಅವಕಾಶ ಕೊಟ್ಟಿತು. `Get Info` ಕಿಟಕಿ ತೆರೆದು, ಅದರ ಮೂಲೆಯಲ್ಲಿರುವ ಪುಟ್ಟ ಐಕಾನನ್ನು ಕ್ಲಿಕ್ ಮಾಡಿ ಚಿತ್ರ ಅಂಟಿಸಿದರೆ ಸಾಕಿತ್ತು. ಅಂದಿನ ಈ ಕ್ರಮ ಇಂದಿಗೂ ಹೆಚ್ಚುಕಡಿಮೆ ಹಾಗೆಯೇ ಉಳಿದಿದೆ.

ಫೋಲ್ಡರ್‌ಗೆ ಐಕಾನ್ ಅಂಟಿಸಿದಾಗ ಎರಡು ಕೆಲಸ ನಡೆಯುತ್ತವೆ. ಆ ಫೋಲ್ಡರ್‌ನೊಳಗೆ ಕಣ್ಣಿಗೆ ಕಾಣದ `Icon` ಎಂಬ ಫೈಲ್ ಹುಟ್ಟುತ್ತದೆ. ಅದರ ಹೆಸರಿನ ಕೊನೆಯಲ್ಲಿ ಎಂಟರ್ ಕೀಲಿಯ ಅಕ್ಷರವೊಂದು ಅಡಗಿರುವುದರಿಂದ ಕೈಯಿಂದ ಆ ಹೆಸರನ್ನು ಟೈಪಿಸುವುದು ಕಷ್ಟ. ಜೊತೆಗೆ ‘ಇದಕ್ಕೆ ಸ್ವಂತ ಐಕಾನ್ ಇದೆ’ ಎಂಬ ಗುರುತು ಫೋಲ್ಡರ್‌ನ ಮೇಲೆ ಬೀಳುತ್ತದೆ. ಡೆಸ್ಕ್‌ಟಾಪ್‌ನಲ್ಲಿ `Lekhana` ಎಂಬ ಫೋಲ್ಡರ್ ಇದೆ ಎಂದುಕೊಳ್ಳೋಣ. ಐಕಾನ್ ಅಂಟಿಸಿದ ಮೇಲೆ ಟರ್ಮಿನಲ್‌ನಲ್ಲಿ ಈ ಆಜ್ಞೆ ಕೊಟ್ಟು ನೋಡಬಹುದು:

```
ls -l@ ~/Desktop/Lekhana
```

ಪಟ್ಟಿಯಲ್ಲಿ ಆ ಫೈಲಿನ ಗಾತ್ರ 0 ಎಂದೇ ಕಾಣುತ್ತದೆ. ಚಿತ್ರವಿರುವುದು ಅದರ ಕೆಳಗೆ ತೋರುವ `com.apple.ResourceFork` ಎಂಬ ಪಕ್ಕದ ಖಾನೆಯಲ್ಲಿ. ಶ್ರಮಪಟ್ಟು ಅಣಿಗೊಳಿಸಿದ ಫೋಲ್ಡರ್‌ಗಳು ಬೇರೆ ಡಿಸ್ಕಿಗೆ ಹೋದಾಗ ಬೋಳಾಗುವುದು ಇದೇ ಕಾರಣಕ್ಕೆ. ನಕಲು ಮಾಡುವ ಸಾಧನ ಪಕ್ಕದ ಖಾನೆಯನ್ನು ಬಿಟ್ಟರೆ ಅಲ್ಲಿಗೆ ತಲಪುವುದು ಖಾಲಿ ಫೈಲ್ ಮಾತ್ರ. ಚಿತ್ರ ಉಳಿದು ಗುರುತು ಮಾತ್ರ ಕಳೆದಿದ್ದರೆ `SetFile -a C` ಆಜ್ಞೆಯಿಂದ ಅದನ್ನು ಮತ್ತೆ ಹಾಕಬಹುದು. ಚಿತ್ರವೇ ಹೋಗಿದ್ದರೆ ಹೊಸದಾಗಿ ಅಂಟಿಸದೆ ಗತಿಯಿಲ್ಲ.

ಅಂಟಿಸುವಾಗ ಆಗುವ ಸಾಮಾನ್ಯ ತಪ್ಪೆಂದರೆ ಚಿತ್ರದ ಬದಲು ಚಿತ್ರವಿರುವ ಫೈಲನ್ನು ನಕಲಿಸುವುದು. ಹಾಗೆ ಮಾಡಿದಾಗ ಬಯಸಿದ ಚಿತ್ರದ ಬದಲು ಆ ಬಗೆಯ ಫೈಲುಗಳಿಗಿರುವ ಸಾಮಾನ್ಯ ಐಕಾನ್ ಬಂದು ಕೂರಬಹುದು. ಫೈಲನ್ನು ಪ್ರಿವ್ಯೂನಲ್ಲಿ ತೆರೆದು, ಪೂರ್ತಿ ಆಯ್ದು ನಕಲಿಸಬೇಕು. ಇಲ್ಲವೇ ಫೈಲನ್ನೇ ಎಳೆದು `Get Info` ಕಿಟಕಿಯ ಐಕಾನ್ ಮೇಲೆ ಬಿಡಬೇಕು.

ಮೂಲವನ್ನೇ ಬದಲಿಸಿದ ಕಾಲ (2001–2012)

1996ರಲ್ಲಿ ಆರಂಭವಾದ ಐಕಾನ್‌ಫ್ಯಾಕ್ಟರಿ ಒಂದೇ ವಸ್ತು, ಒಂದೇ ಶೈಲಿಯ ಐಕಾನ್ ಗುಚ್ಛಗಳನ್ನು ಜನಪ್ರಿಯಗೊಳಿಸಿತು. 2001ರ ಮ್ಯಾಕ್ ಓಎಸ್ ಎಕ್ಸ್ 128×128 ಚುಕ್ಕಿಗಳ ಐಕಾನ್‌ಗಳಿಗೆ ಎಡೆ ಮಾಡಿಕೊಟ್ಟಿತು. 2007ರ ಲೆಪರ್ಡ್‌ನಲ್ಲಿ ಈ ಅಳತೆ 512×512ಕ್ಕೆ ಏರಿತು. ಅದೇ ಲೆಪರ್ಡ್‌ನಲ್ಲಿ ಬಂದ ಹೊಸ ನೀಲಿ ಫೋಲ್ಡರ್‌ಗಳ ಗುರುತುಗಳು ಅದೇ ನೀಲಿಯಲ್ಲಿ ಒತ್ತಿದ ಅಚ್ಚಿನಂತಿದ್ದವು. ಸಣ್ಣ ಅಳತೆಯಲ್ಲಿ ಯಾವುದು ಚಿತ್ರಗಳ ಫೋಲ್ಡರ್, ಯಾವುದು ಸಂಗೀತದ್ದು ಎಂದು ತಿಳಿಯುವುದಿಲ್ಲವೆಂಬ ಆಕ್ಷೇಪ ಆಗಲೇ ಎದ್ದಿತು.

ಬಿಡಿಯಾಗಿ ಅಂಟಿಸುತ್ತ ಹೋದರೆ ಇಡೀ ಪರದೆ ಒಂದೇ ರೂಪಕ್ಕೆ ಬರುತ್ತಿರಲಿಲ್ಲ. ಮುಂದೆ ಹುಟ್ಟುವ ಪ್ರತಿಯೊಂದು ಫೋಲ್ಡರ್ ಮತ್ತೆ ನೀಲಿಯಾಗಿಯೇ ಬರುತ್ತಿತ್ತು. ಆ ನೀಲಿ ಚಿತ್ರದ ನೆಲೆ `/System/Library/CoreServices/CoreTypes.bundle` ಒಳಗಿನ `GenericFolderIcon.icns` ಎಂಬ ಒಂದೇ ಫೈಲು. ಪ್ಯಾನಿಕ್ ಮತ್ತು ಐಕಾನ್‌ಫ್ಯಾಕ್ಟರಿ ಕೂಡಿ ತಂದ ಕ್ಯಾಂಡಿಬಾರ್ ಇಂತಹ ಮೂಲ ಐಕಾನ್‌ಗಳನ್ನು ಸುಲಭವಾಗಿ ಬದಲಿಸಿಕೊಡುತ್ತಿತ್ತು. ಬೇಡವೆನಿಸಿದಾಗ ಹಳೆಯವನ್ನು ಮರಳಿ ತರುತ್ತಿತ್ತು. ಪರದೆಯ ಪೂರ್ಣ ಏಕರೂಪ ಸಾಮಾನ್ಯ ಬಳಕೆದಾರರ ಕೈಗೆಟುಕಿದ್ದು ಈ ಅವಧಿಯಲ್ಲಿ. ಕ್ಯಾಂಡಿಬಾರ್‌ನ ಮಾರಾಟ 2012ರಲ್ಲಿ ನಿಂತಿತು.

ಸಹಿ ಮತ್ತು ಬೀಗ (2007–2020)

ಈ ಘಟ್ಟದ ವಿವರಗಳೇ ಹೆಚ್ಚು ಕಲಸಿಹೋಗಿರುವುದರಿಂದ ಇವನ್ನು ಬಿಡಿಸಿ ಹೇಳುವುದು ಅಗತ್ಯ. ಲೆಪರ್ಡ್‌ನಲ್ಲೇ ಆ್ಯಪ್‌ಗಳಿಗೆ ಡಿಜಿಟಲ್ ಸಹಿ ಹಾಕುವ ಏರ್ಪಾಡು ಬಂದಿತ್ತು. ಆ್ಯಪ್‌ನ `Contents/Resources` ಒಳಗಿರುವ ಐಕಾನ್ ಫೈಲೂ ಈ ಸಹಿಯ ವ್ಯಾಪ್ತಿಗೆ ಸೇರುತ್ತದೆ. ಅದನ್ನು ಅಲ್ಲಿಯೇ ಬದಲಿಸಿದರೆ ಸಹಿ ಮುರಿಯುತ್ತದೆ. ಫೈರ್‌ವಾಲ್ ಮತ್ತು ಕೀಚೈನ್ ಅದೇ ಆ್ಯಪ್‌ಗೆ ಪದೇ ಪದೇ ಅನುಮತಿ ಕೇಳತೊಡಗುವುದು ಇದರ ಲಕ್ಷಣ. `codesign --verify` ಆಜ್ಞೆ ಕೊಟ್ಟಾಗ `a sealed resource is missing or invalid` ಎಂಬ ಉತ್ತರ ಬಂದರೆ ಸಹಿ ಮುರಿದಿರುವುದು ಖಚಿತ. `Get Info` ಮೂಲಕ ಅಂಟಿಸಿದ ಐಕಾನ್ ಆದರೋ `Contents` ಫೋಲ್ಡರ್‌ನ ಹೊರಗೆ, ಆ್ಯಪ್‌ನ ಮೇಲ್‌ಸ್ತರದಲ್ಲಿ ಉಳಿಯುತ್ತದೆ. ಒಳಗಿನ ಮೂಲ ಫೈಲನ್ನು ಮುಟ್ಟುವುದಿಲ್ಲ. ಆ್ಯಪ್‌ನ ಹೊಸ ಆವೃತ್ತಿ ಹಳೆಯದನ್ನು ಪೂರ್ತಿ ತೆಗೆದು ಕೂರುವಾಗ ಅಂಟಿಸಿದ ಚಿತ್ರವೂ ಅಳಿದುಹೋಗುವುದು ಈ ವಿಧಾನದ ಮಿತಿ.

2015ರ ಎಲ್ ಕ್ಯಾಪಿಟನ್, ‘ಸಿಸ್ಟಮ್ ಇಂಟೆಗ್ರಿಟಿ ಪ್ರೊಟೆಕ್ಷನ್’ ಎಂಬ ರಕ್ಷಣೆಯ ಮೂಲಕ ವ್ಯವಸ್ಥೆಯ ಫೈಲುಗಳನ್ನು ಆಡಳಿತಗಾರ ಖಾತೆಯಿಂದಲೂ ಬದಲಿಸದಂತೆ ತಡೆಯಿತು. `GenericFolderIcon.icns` ಈ ಬೇಲಿಯೊಳಗೆ ಬಿತ್ತು. ವ್ಯವಸ್ಥೆಯ ಜೊತೆಗೇ ಬರುವ ಆ್ಯಪ್‌ಗಳಿಗೆ ಐಕಾನ್ ಅಂಟಿಸುವುದೂ ನಿಂತಿತು. ರಕ್ಷಣೆಯನ್ನು ತಾತ್ಕಾಲಿಕವಾಗಿ ತೆಗೆಯುವ ಹಾದಿ ಉಳಿದಿತ್ತಾದರೂ, 2019ರಲ್ಲಿ ವ್ಯವಸ್ಥೆಯ ಭಾಗ ಓದಲಷ್ಟೇ ಸಿಗುವ ಪ್ರತ್ಯೇಕ ವಿಭಾಗವಾಯಿತು. 2020ರ ಬಿಗ್ ಸರ್‌ನಲ್ಲಿ ಆ ವಿಭಾಗಕ್ಕೇ ಮುದ್ರೆ ಬಿತ್ತು. ಬಳಕೆದಾರರ ಫೋಲ್ಡರ್‌ಗಳು ಮತ್ತು ಅವರೇ ಹಾಕಿಕೊಂಡ ಆ್ಯಪ್‌ಗಳು ಮಾತ್ರ ಬಿಡಿ ಬದಲಾವಣೆಗೆ ತೆರೆದೇ ಉಳಿದವು.

ಆಪಲ್‌ನಿಂದಲೇ ಏಕರೂಪ (2020ರಿಂದ)

ಬಿಗ್ ಸರ್ ಆಪಲ್‌ನ ಸ್ವಂತ ಆ್ಯಪ್‌ಗಳಿಗೆ ದುಂಡು ಮೂಲೆಯ ಚೌಕದ ಆಕಾರ ಕೊಟ್ಟಿತು. ಆ ರೂಪಕ್ಕೆ ಬದಲಾಗದ ಆ್ಯಪ್‌ಗಳು ಡಾಕ್‌ನಲ್ಲಿ ಎದ್ದು ಕಾಣತೊಡಗಿದವು. ಅಲ್ಲಿಯವರೆಗೆ ಭಿನ್ನ ನೋಟಕ್ಕಾಗಿ ಐಕಾನ್ ಬದಲಿಸುತ್ತಿದ್ದವರು ಈಗ ಆಪಲ್‌ನ ನೋಟಕ್ಕೇ ಎಲ್ಲವನ್ನೂ ಹೊಂದಿಸಲು ಬದಲಿ ಐಕಾನ್ ಅಂಟಿಸಿದರು. 2025ರ ಮ್ಯಾಕ್‌ಓಎಸ್ ಟಾಹೋ ಈ ಕೆಲಸವನ್ನು ತಾನೇ ವಹಿಸಿಕೊಂಡು, ಆಕಾರಕ್ಕೆ ಹೊಂದದ ಐಕಾನನ್ನು ಕುಗ್ಗಿಸಿ ಬೂದು ಚೌಕಟ್ಟಿನೊಳಗೆ ಕೂರಿಸಿತು. ಎಲ್ಲ ಫೋಲ್ಡರ್‌ಗಳ ಬಣ್ಣವನ್ನು ಒಮ್ಮೆಲೇ ಆಯ್ದುಕೊಳ್ಳುವ ಸೌಲಭ್ಯವೂ, ಒಂದೊಂದರ ಮೇಲೆ ಚಿಹ್ನೆ ಅಥವಾ ಎಮೋಜಿ ಇಡುವ ಸೌಲಭ್ಯವೂ ಇದರಲ್ಲೇ ಬಂದವು.

ಹೀಗೆ 2015ರಲ್ಲಿ ಕೈತಪ್ಪಿದ ಮೂಲ ಬದಲಾವಣೆ ಹತ್ತು ವರ್ಷಗಳ ಬಳಿಕ ಭಾಗಶಃ ಮರಳಿದೆ. ಫೋಲ್ಡರ್‌ನ ಬಣ್ಣ ಬಳಕೆದಾರರ ಆಯ್ಕೆಗೆ ಬಿಟ್ಟದ್ದಾದರೂ ಅದರ ಆಕಾರ ಆಪಲ್‌ನದೇ. ಬೇರೆ ಆಕಾರ ಬೇಕೆನ್ನುವವರು ಈಗಲೂ `Get Info` ತೆರೆದು, ಒಂದೊಂದಾಗಿ ಅಂಟಿಸಿಕೊಳ್ಳಬೇಕು.