ಮೂರು ಮನೆಗಳ ಕೋಷ್ಟಕದಲ್ಲಿ ಮಿಲ್‌ಗ್ರಾಂ ಪ್ರಯೋಗ

ಮನಃಶಾಸ್ತ್ರದ ಹೆಸರಾಂತ ಪ್ರಯೋಗಗಳನ್ನು ಪಾಠ ಹೇಳುವಾಗ ಅಧ್ಯಾಪಕರು ಸಾಮಾನ್ಯವಾಗಿ ಕಥೆಗಾರರಾಗುತ್ತಾರೆ. ಪಾಠ ಮುಗಿದ ಮೇಲೆ ವಿದ್ಯಾರ್ಥಿಗಳು ಆ ಕಥೆಯನ್ನು ವಿಧಾನ, ಫಲಿತಾಂಶ, ಟೀಕೆ ಎಂಬ ಮೂರು ಮನೆಗಳ ಕೋಷ್ಟಕವಾಗಿ ಬರೆದಿಟ್ಟುಕೊಳ್ಳುವುದುಂಟು. ಪರೀಕ್ಷೆಯ ಹಿಂದಿನ ದಿನ ಅದು ಉಪಯೋಗಕ್ಕೆ ಬರುತ್ತದೆ, ನಿಜ. ಆದರೆ ಯಾವ ಮಾತು ಯಾವ ಮನೆಗೆ ಸೇರಬೇಕು ಎಂದು ಯೋಚಿಸದೆ ತುಂಬಿದರೆ ಕಥೆಯಲ್ಲಿದ್ದ ತಪ್ಪು ಕೋಷ್ಟಕದಲ್ಲಿ ಇನ್ನೂ ಗಟ್ಟಿಯಾಗುತ್ತದೆ. ಸ್ಟ್ಯಾನ್ಲಿ ಮಿಲ್‌ಗ್ರಾಂ ಅವರ ವಿಧೇಯತೆಯ ಪ್ರಯೋಗ ಇದಕ್ಕೆ ಒಳ್ಳೆಯ ಉದಾಹರಣೆ.

ಪಾಠ ಬಹುಮಟ್ಟಿಗೆ ಜೆರುಸಲೇಮಿನಿಂದ ಆರಂಭವಾಗುತ್ತದೆ. ಯೆಹೂದ್ಯರ ಸಾಮೂಹಿಕ ಹತ್ಯೆಯಲ್ಲಿ ಪಾತ್ರ ವಹಿಸಿದ್ದ ಅಡಾಲ್ಫ್ ಐಕ್‌ಮನ್‌ನ ವಿಚಾರಣೆ 1961ರಲ್ಲಿ ಅಲ್ಲಿ ನಡೆಯುತ್ತಿತ್ತು. ತಾನು ಆಜ್ಞೆಯನ್ನು ಪಾಲಿಸಿದೆನಷ್ಟೇ ಎಂಬುದು ಅವನ ವಾದ. ಅದೇ ವರ್ಷ ಅಮೆರಿಕದ ಯೇಲ್ ವಿಶ್ವವಿದ್ಯಾಲಯದಲ್ಲಿ ಮಿಲ್‌ಗ್ರಾಂ ತಮ್ಮ ಪ್ರಯೋಗ ಶುರುಮಾಡಿದರು. ಮುಂದೆ ಪಾಠ ನೇರವಾಗಿ ಒಂದು ಅಂಕಿಗೆ ಬಂದು ನಿಲ್ಲುತ್ತದೆ: ನೂರಕ್ಕೆ 65 ಮಂದಿ ಆಜ್ಞೆ ಬಂದರೆ ಮತ್ತೊಬ್ಬ ಮನುಷ್ಯನಿಗೆ ಪ್ರಾಣಾಪಾಯದ ವಿದ್ಯುದಾಘಾತ ಕೊಡುತ್ತಾರೆ.

ಈ ವಾಕ್ಯವನ್ನು ಹಾಗೆಯೇ ಫಲಿತಾಂಶದ ಮನೆಗೆ ಇಳಿಸುವುದು ಮೊದಲನೆಯ ತಪ್ಪು. ಆ ಮನೆಯಲ್ಲಿ ಇರಬೇಕಾದದ್ದು ಎಣಿಸಿದ ಸಂಗತಿ. ಮನುಷ್ಯ ಸ್ವಭಾವದ ಬಗ್ಗೆ ನಾವು ತೆಗೆದ ತೀರ್ಮಾನಕ್ಕೆ ಅಲ್ಲಿ ಜಾಗವಿಲ್ಲ. ಏನನ್ನು ಎಣಿಸಿದರು ಎಂದು ತಿಳಿಯಲು ವಿಧಾನದ ಮನೆಯನ್ನು ಮೊದಲು ತುಂಬಬೇಕು.

ನ್ಯೂ ಹೇವನ್ ನಗರದ ಪತ್ರಿಕೆಯಲ್ಲಿ ಜಾಹೀರಾತು ಬಂತು. ನೆನಪಿನ ಶಕ್ತಿಯ ಅಧ್ಯಯನಕ್ಕೆ ಜನ ಬೇಕಾಗಿದ್ದಾರೆ, ಒಂದು ಗಂಟೆಗೆ 4 ಡಾಲರ್, ಜೊತೆಗೆ 50 ಸೆಂಟ್ ಪ್ರಯಾಣದ ಖರ್ಚು. ಮೊದಲ ಸುತ್ತಿಗೆ 20ರಿಂದ 50 ವರ್ಷದೊಳಗಿನ 40 ಗಂಡಸರನ್ನು ಆರಿಸಿದರು. ಬಂದವನಿಗೆ ಚೀಟಿ ಎತ್ತಲು ಹೇಳಿದರೂ ಅವನಿಗೆ ಯಾವಾಗಲೂ ‘ಶಿಕ್ಷಕ’ನ ಪಾತ್ರವೇ ಸಿಗುವಂತೆ ಏರ್ಪಾಡಾಗಿತ್ತು. ‘ಕಲಿಯುವವ’ನಾಗಿ ಕುಳಿತಾತ ಮಿಲ್‌ಗ್ರಾಂ ಕಡೆಯ ಮನುಷ್ಯ. ಆತ ಪಕ್ಕದ ಕೋಣೆಯಲ್ಲಿ ಕುರ್ಚಿಗೆ ಬಿಗಿಸಿಕೊಂಡಿದ್ದ. ಪ್ರತಿ ತಪ್ಪು ಉತ್ತರಕ್ಕೂ ಶಿಕ್ಷಕ ಒಂದೊಂದೇ ಗುಂಡಿ ಮೇಲೇರಬೇಕು. ಯಂತ್ರದಲ್ಲಿ 30 ಗುಂಡಿಗಳು, 15 ವೋಲ್ಟಿನಿಂದ 450 ವೋಲ್ಟಿನವರೆಗೆ. ನಿಜವಾದ ಆಘಾತ ಆ ಕಡೆಗೆ ಹೋಗುತ್ತಲೇ ಇರಲಿಲ್ಲ. ಆದರೆ ನಂಬಿಕೆ ಹುಟ್ಟಲೆಂದು ಶಿಕ್ಷಕನಿಗೆ ಮಾತ್ರ ಮೊದಲೇ 45 ವೋಲ್ಟಿನ ರುಚಿ ತೋರಿಸಿದ್ದರು. 300 ವೋಲ್ಟಿನಲ್ಲಿ ಆಚೆಯಿಂದ ಗೋಡೆ ಗುದ್ದುವ ಸದ್ದು. 315ರ ನಂತರ ನಿಶ್ಶಬ್ದ. ಶಿಕ್ಷಕ ಹಿಂಜರಿದರೆ ಬೂದು ಬಣ್ಣದ ಕೋಟು ತೊಟ್ಟ ಪ್ರಯೋಗಕಾರ ನಾಲ್ಕು ಮಾತುಗಳನ್ನು ಒಂದಾದ ಮೇಲೊಂದರಂತೆ ಹೇಳುತ್ತಿದ್ದ. ಮೊದಲನೆಯದು ‘ದಯವಿಟ್ಟು ಮುಂದುವರಿಸಿ’ ಎಂಬ ವಿನಂತಿ. ನಾಲ್ಕನೆಯದು ‘ನಿಮಗೆ ಬೇರೆ ದಾರಿಯಿಲ್ಲ’ ಎಂಬ ಕಟ್ಟಪ್ಪಣೆ.

ಇಷ್ಟು ಬರೆದ ಮೇಲೆ ಫಲಿತಾಂಶ ತಾನಾಗಿ ಸಣ್ಣದಾಗುತ್ತದೆ, ಖಚಿತವೂ ಆಗುತ್ತದೆ: ಈ ಏರ್ಪಾಡಿನಲ್ಲಿ 40 ಮಂದಿಯಲ್ಲಿ 26 ಮಂದಿ ಕೊನೆಯ ಗುಂಡಿಯವರೆಗೆ ಹೋದರು. 1963ರಲ್ಲಿ ಪ್ರಕಟವಾದದ್ದು ಇದು. ಹೋದವರು ನಿರ್ಲಿಪ್ತರಾಗಿಯೇನೂ ಹೋಗಲಿಲ್ಲ. ಅನೇಕರು ಬೆವರಿದರು, ನಡುಗಿದರು, ತೊದಲಿದರು.

ಪಾಠದಲ್ಲಿ ಹೆಚ್ಚಾಗಿ ಬಿಟ್ಟುಹೋಗುವ ಭಾಗ ಇನ್ನೊಂದಿದೆ. ಮಿಲ್‌ಗ್ರಾಂ ಮಾಡಿದ್ದು ಒಂದೇ ಪ್ರಯೋಗವಲ್ಲ. 1962ರವರೆಗೆ ಏರ್ಪಾಡನ್ನು ಬದಲಿಸುತ್ತ ಇಪ್ಪತ್ತಕ್ಕೂ ಹೆಚ್ಚು ಸುತ್ತು ನಡೆಸಿದರು. ಕಲಿಯುವವನ ಕೈಯನ್ನು ಶಿಕ್ಷಕನೇ ಹಿಡಿದು ತಟ್ಟೆಯ ಮೇಲೆ ಒತ್ತಬೇಕಾದಾಗ ಕೊನೆಗೆ ಮುಟ್ಟಿದವರು 40ರಲ್ಲಿ 12. ಪ್ರಯೋಗಕಾರ ಕೋಣೆಯಿಂದ ಹೊರಹೋಗಿ ಫೋನಿನಲ್ಲಿ ಆಜ್ಞೆ ಕೊಟ್ಟಾಗ ಸುಮಾರು ಐದರಲ್ಲಿ ಒಂದು ಪಾಲು. ಜೊತೆಗಿದ್ದ ಇಬ್ಬರು ‘ನಾವು ಮಾಡುವುದಿಲ್ಲ’ ಎಂದು ಎದ್ದಾಗ ಕೇವಲ ನಾಲ್ವರು. ಮನುಷ್ಯರು ಅದೇ ಊರಿನವರು, ಯಂತ್ರವೂ ಅದೇ. ಹಾಗಿದ್ದರೆ 65 ಎಂಬುದು ಮನುಷ್ಯನ ಸ್ವಭಾವದ ಅಳತೆಯಾಗಲು ಸಾಧ್ಯವಿಲ್ಲ. ಅದು ಒಂದು ಸನ್ನಿವೇಶದ ಅಳತೆ. ಕೋಷ್ಟಕದಲ್ಲಿ ಒಂದೇ ಅಂಕಿ ಬರೆದವರು ಪ್ರಯೋಗದ ಮುಖ್ಯ ಫಲಿತಾಂಶವನ್ನೇ ಕೈಬಿಟ್ಟಂತೆ.

ಇನ್ನು ಟೀಕೆಯ ಮನೆ. ವಿದ್ಯಾರ್ಥಿಗಳು ಅಲ್ಲಿ ‘ಅನೈತಿಕ, ಗಂಡಸರು ಮಾತ್ರ, ಕೃತಕ’ ಎಂದು ಸಾಲಾಗಿ ಬರೆಯುತ್ತಾರೆ. ಈ ಮೂರೂ ಒಂದೇ ಜಾತಿಯ ಟೀಕೆಗಳಲ್ಲ. ಪ್ರತಿಯೊಂದರ ಮುಂದೆಯೂ ಇದು ಏನನ್ನು ಅಲುಗಿಸುತ್ತದೆ ಎಂದು ಕೇಳಿಕೊಳ್ಳಬೇಕು.

1964ರಲ್ಲಿ ಡಯಾನಾ ಬಾಮ್‌ರಿಂಡ್ ಎತ್ತಿದ ಆಕ್ಷೇಪ ನೈತಿಕವಾದದ್ದು. ನಂಬಿ ಬಂದವರನ್ನು ವಂಚಿಸಿ ಅಷ್ಟು ಸಂಕಟಕ್ಕೆ ಗುರಿಮಾಡಬಹುದೇ ಎಂದು ಅವರು ಕೇಳಿದರು. ಭಾಗವಹಿಸಿದವರಲ್ಲಿ ಬಹುಪಾಲು ಜನ ಆಮೇಲೆ ತಮಗೆ ಸಂತೋಷವೇ ಆಯಿತೆಂದು ಬರೆದುಕೊಟ್ಟಿದ್ದಾರೆ ಎಂಬುದು ಮಿಲ್‌ಗ್ರಾಂ ಉತ್ತರ. ಈ ಟೀಕೆ ಎಷ್ಟೇ ನ್ಯಾಯವಾಗಿದ್ದರೂ 26 ಎಂಬ ಎಣಿಕೆಯನ್ನು ಸುಳ್ಳಾಗಿಸುವುದಿಲ್ಲ. ‘ಗಂಡಸರು ಮಾತ್ರ’ ಎಂಬ ಟೀಕೆಗೆ ಪ್ರಯೋಗಮಾಲೆಯೊಳಗೇ ಉತ್ತರವಿದೆ: 40 ಹೆಂಗಸರೊಡನೆ ನಡೆಸಿದ ಸುತ್ತಿನಲ್ಲಿಯೂ ಬಂದದ್ದು 26.

ಬುಡವನ್ನೇ ತಟ್ಟುವ ಟೀಕೆ 1968ರಲ್ಲಿ ಮಾರ್ಟಿನ್ ಆರ್ನ್ ಮತ್ತು ಚಾರ್ಲ್ಸ್ ಹಾಲೆಂಡ್ ಅವರದು. ಇದೆಲ್ಲ ನಾಟಕವೆಂದು ಶಿಕ್ಷಕನಿಗೆ ಅನುಮಾನ ಬಂದಿದ್ದರೆ ಅವನು ಒತ್ತಿದ ಗುಂಡಿಗೆ ಅರ್ಥವೇನು ಎಂಬುದು ಅವರ ಪ್ರಶ್ನೆ. ಮಿಲ್‌ಗ್ರಾಂ ಅವರೇ ನಂತರ ಕಳುಹಿಸಿದ ಪ್ರಶ್ನಾವಳಿಯಲ್ಲಿ, ಆಘಾತ ನಿಜವೆಂದು ಪೂರ್ತಿ ನಂಬಿದ್ದೆವೆಂದವರು ಅರ್ಧಕ್ಕಿಂತ ಸ್ವಲ್ಪ ಹೆಚ್ಚು. ನಾಲ್ಕನೆಯ ಒಂದು ಪಾಲಿನಷ್ಟು ಜನ ಅನುಮಾನವಿದ್ದರೂ ಬಹುಶಃ ನಿಜವೆಂದುಕೊಂಡಿದ್ದರು. ಯೇಲ್‌ನ ಕಡತಗಳನ್ನೂ ಧ್ವನಿಮುದ್ರಿಕೆಗಳನ್ನೂ ಪರಿಶೀಲಿಸಿ ಪುಸ್ತಕ ಬರೆದ ಜೀನಾ ಪೆರಿ, ಪ್ರಯೋಗಕಾರ ನಾಲ್ಕು ಮಾತುಗಳಿಗೇ ನಿಲ್ಲದೆ ಹಲವು ಸಲ ಇನ್ನೂ ಒತ್ತಾಯಿಸಿದ್ದನ್ನು ತೋರಿಸಿದರು. ಇದು ವಿಧಾನದ ಮನೆಗೇ ಹಿಂದಿರುಗಿ ತಿದ್ದಬೇಕಾದ ಟೀಕೆ.

ಕೊನೆಯ ಟೀಕೆ ಅರ್ಥವಿವರಣೆಗೆ ಸೇರಿದ್ದು. ಜೆರ್ರಿ ಬರ್ಗರ್ 2009ರಲ್ಲಿ ಪ್ರಕಟಿಸಿದ ಮರುಪ್ರಯೋಗದಲ್ಲಿ 150 ವೋಲ್ಟಿಗೇ ನಿಲ್ಲಿಸಿದರು. ಆ ಹಂತ ದಾಟಲು 40ರಲ್ಲಿ 28 ಮಂದಿ ಸಿದ್ಧರಿದ್ದರು. ಆದರೆ ‘ಬೇರೆ ದಾರಿಯಿಲ್ಲ’ ಎಂಬ ನಾಲ್ಕನೆಯ ಮಾತನ್ನು ಕೇಳಿಸಿಕೊಂಡ ಒಬ್ಬರೂ ಮುಂದುವರಿಯಲಿಲ್ಲ. ನಿಜವಾದ ಆಜ್ಞೆ ಎನ್ನಬಹುದಾದ ಮಾತು ಅದೊಂದೇ! ಹಾಗಾದರೆ ಉಳಿದವರು ಆಜ್ಞೆಗೆ ತಲೆಬಾಗಿದರೋ, ವಿಜ್ಞಾನಕ್ಕೆ ಒಳ್ಳೆಯದಾಗುತ್ತದೆ ಎಂದು ನಂಬಿ ಸಹಕರಿಸಿದರೋ? ಎರಡನೆಯದೇ ಸರಿ ಎನ್ನುತ್ತಾರೆ ಅಲೆಕ್ಸ್ ಹ್ಯಾಸ್ಲಮ್ ಮತ್ತು ಸ್ಟೀಫನ್ ರೈಶರ್. ಹಾಗಿದ್ದಲ್ಲಿ ‘ಆಜ್ಞೆ ಪಾಲಿಸಿದೆನಷ್ಟೇ’ ಎಂಬ ಐಕ್‌ಮನ್‌ನ ವಾದಕ್ಕೆ ಈ ಪ್ರಯೋಗ ಬೆಂಬಲವಾಗಿ ನಿಲ್ಲುವುದಿಲ್ಲ.

ಹೀಗೆ ಸೋಸಿದ ಮೇಲೆ ಉಳಿಯುವ ಸಾಲು ಇದು:

ವಿಧಾನ: ಯೇಲ್, 1961–62. ಹುಸಿ ಆಘಾತಯಂತ್ರ, 30 ಗುಂಡಿ. ನಾಲ್ಕು ಒತ್ತಾಯದ ಮಾತು, ಹಲವು ಸಲ ಅದಕ್ಕೂ ಮೀರಿ. ಏರ್ಪಾಡು ಬದಲಿಸುತ್ತ ಅನೇಕ ಸುತ್ತು.

ಫಲಿತಾಂಶ: ಕೊನೆಗೆ ಮುಟ್ಟಿದವರು ಮೊದಲ ಸುತ್ತಿನಲ್ಲಿ 40ರಲ್ಲಿ 26, ಕೈ ಹಿಡಿದು ಒತ್ತಬೇಕಾದಾಗ 12, ಜೊತೆಗಾರರು ನಿರಾಕರಿಸಿದಾಗ 4.

ಟೀಕೆ: ವಂಚನೆ ಮತ್ತು ಸಂಕಟ (1964) – ಎಣಿಕೆಗೆ ಬಾಧಕವಿಲ್ಲ. ನಂಬಿದ್ದರೇ ಎಂಬ ಸಂಶಯ (1968) – ವಿಧಾನಕ್ಕೆ ಬಾಧಕ, ಭಾಗಶಃ ಉತ್ತರವಿದೆ. ವಿಧೇಯತೆಯೋ, ನಂಬಿಕೆಯ ಸಹಕಾರವೋ – ಅರ್ಥಕ್ಕೆ ಬಾಧಕ, ಚರ್ಚೆ ಮುಗಿದಿಲ್ಲ.