ಮೊಟ್ಟೆ, ಮಹಾಜಲ ಮತ್ತು ಹೊಯ್ಸಳರ ಗೋಡೆ

2023ರಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರದ ದೇವಾಲಯಗಳು ಯುನೆಸ್ಕೊ ಪಟ್ಟಿಗೆ ಸೇರಿದವು. ಅಲ್ಲಿಂದೀಚೆಗೆ ನಮ್ಮ ಕಡೆ ಒಂದು ವ್ಯಾಖ್ಯಾನ ಬಲು ಬೇಗ ಹಬ್ಬುತ್ತಿದೆ. ಬ್ರಹ್ಮಾಂಡವೆಂದರೆ ಮಹಾಸ್ಫೋಟವೇ ಎನ್ನುತ್ತಾರೆ. ವರಾಹ ಎತ್ತಿ ಹಿಡಿದದ್ದು ಗುಂಡಗಿನ ಭೂಗೋಳ, ಆದ್ದರಿಂದ ಶಿಲ್ಪಿಗೆ ಖಗೋಳವಿಜ್ಞಾನ ತಿಳಿದಿತ್ತು ಎಂದೂ ಸೇರಿಸುತ್ತಾರೆ. ಹಳೇಬೀಡಿನ ವರಾಹನ ಎದುರು ನಿಂತು ನೋಡಿದರೆ ಸಾಕು, ಅವನು ಎತ್ತಿರುವುದು ಗೋಳವನ್ನಲ್ಲ, ಭೂದೇವಿಯನ್ನು. ಕಲ್ಲನ್ನು ನೋಡದೆ ಕಲ್ಲಿನ ಬಗ್ಗೆ ಮಾತಾಡುವ ಈ ರೂಢಿ ಇಂದಿನದಲ್ಲ. ಸೃಷ್ಟಿಪುರಾಣಗಳ ಅಧ್ಯಯನದ ಉದ್ದಕ್ಕೂ ಅದು ಜೊತೆಗೇ ಬಂದಿದೆ.

ಆರಂಭದ ಘಟ್ಟವನ್ನು ಬೇಗ ಹೇಳಿ ಮುಗಿಸಬಹುದು. ಹತ್ತೊಂಬತ್ತನೆಯ ಶತಮಾನದ ಯುರೋಪಿನ ವಿದ್ವಾಂಸರು ಋಗ್ವೇದದ ಹತ್ತನೆಯ ಮಂಡಲದ ಹಿರಣ್ಯಗರ್ಭ ಮತ್ತು ನಾಸದೀಯ ಸೂಕ್ತಗಳನ್ನು ತತ್ತ್ವಚಿಂತನೆಯ ಮೊಳಕೆಯೆಂದು ಓದಿದರು. 1876ರಲ್ಲಿ ಜಾರ್ಜ್ ಸ್ಮಿತ್ ಬ್ಯಾಬಿಲೋನಿನ ಸೃಷ್ಟಿಕಥೆಯನ್ನು ಪ್ರಕಟಿಸಿದ ಮೇಲೆ, ಸಿಹಿನೀರು ಉಪ್ಪುನೀರು ಬೆರೆತ ಆದಿಜಲದಿಂದ ದೇವತೆಗಳು ಹುಟ್ಟುವ ಆ ಕಥೆಯ ಪಕ್ಕದಲ್ಲಿ ನಮ್ಮದನ್ನೂ ಇಟ್ಟು ಹೋಲಿಸತೊಡಗಿದರು. ಗ್ರೀಸಿನ ಆರ್ಫಿಕ್ ಮೊಟ್ಟೆ, ಚೀನಾದ ಪಂಗು, ಫಿನ್ಲೆಂಡಿನ ಕಲೇವಾಲದಲ್ಲಿ ಜಲಕನ್ಯೆಯ ಮೊಣಕಾಲಿನ ಮೇಲಿಂದ ಉರುಳಿ ಒಡೆಯುವ ಬಾತುಕೋಳಿಯ ಮೊಟ್ಟೆ, ಎಲ್ಲವೂ ಒಂದೇ ಪಟ್ಟಿಗೆ ಸೇರಿದವು. ಯಾರಿಂದ ಯಾರು ಪಡೆದರು ಎಂಬ ಪ್ರಶ್ನೆಯಲ್ಲೇ ಒಂದು ತಲೆಮಾರು ಕಳೆಯಿತು.

ಆ ಪಟ್ಟಿಯಲ್ಲಿ ಕಳೆದುಹೋದದ್ದು ಪ್ರತಿ ಕಥೆಯ ಒಳವಿವರ. ಶತಪಥ ಬ್ರಾಹ್ಮಣದ ಕಥೆಯನ್ನೇ ನೋಡಿ. ಮೊದಲು ಇದ್ದದ್ದು ನೀರು ಮಾತ್ರ. ಆ ನೀರಿಗೆ ಹೆಚ್ಚಬೇಕೆಂಬ ಆಸೆಯಾಯಿತು, ಅದು ತಪಸ್ಸು ಮಾಡಿತು, ಕಾವೇರಿತು, ಹೊನ್ನಿನ ಮೊಟ್ಟೆ ಮೂಡಿತು. ಮೊಟ್ಟೆ ಒಂದು ವರ್ಷ ತೇಲಿತು. ಅದರಿಂದ ಪ್ರಜಾಪತಿ ಹೊರಬಂದ. ಹೆಣ್ಣು, ಹಸು, ಕುದುರೆ ಒಂದು ವರ್ಷದೊಳಗೆ ಹೆರುವುದಕ್ಕೆ ಇದೇ ಕಾರಣವೆನ್ನುತ್ತದೆ ಕಥೆ. ಹೊರಬಂದವನಿಗೆ ಕಾಲೂರಲು ನೆಲವಿಲ್ಲ, ಮತ್ತೊಂದು ವರ್ಷ ಅದೇ ಚಿಪ್ಪಿನಲ್ಲಿ ತೇಲುತ್ತಾನೆ. ವರ್ಷದ ಕೊನೆಗೆ ಮಾತಾಡಲು ಹವಣಿಸುತ್ತಾನೆ, ಅವನ ಮೊದಲ ಉಚ್ಚಾರದಿಂದ ಭೂಮಿಯಾಗುತ್ತದೆ. ವರ್ಷ ತುಂಬಿದ ಕೂಸು ಮಾತಿಗೆ ಹವಣಿಸುವುದೂ ಅದಕ್ಕೇ ಅಂತೆ. ಇದು ಸ್ಫೋಟದ ಕಥೆಯಲ್ಲ, ಕಾವಿನ ಕಥೆ. ಇಲ್ಲಿ ಸಿಡಿಯುವುದೇನೂ ಇಲ್ಲ. ಬೇಕಾದಷ್ಟು ದಿನ ಬೆಚ್ಚಗೆ ಕಾಯುವುದೇ ಇಲ್ಲಿ ಸೃಷ್ಟಿ. ಛಾಂದೋಗ್ಯ ಉಪನಿಷತ್ತಿನಲ್ಲಿ ಮೊಟ್ಟೆ ಎರಡು ಹೋಳಾಗಿ ಬೆಳ್ಳಿಯ ಚಿಪ್ಪು ಭೂಮಿಯಾಗುತ್ತದೆ, ಚಿನ್ನದ ಚಿಪ್ಪು ಆಕಾಶವಾಗುತ್ತದೆ, ಒಳಪೊರೆ ಮೋಡ ಮಂಜುಗಳಾಗುತ್ತವೆ, ನರಗಳು ನದಿಗಳಾಗುತ್ತವೆ. ಬಸಿರು ಹೆರಿಗೆಗಳನ್ನೂ ಮೊಟ್ಟೆಯೊಡೆದು ಮರಿಯಾಗುವುದನ್ನೂ ಹತ್ತಿರದಿಂದ ಕಂಡವರು ಕಟ್ಟಿದ ಕಲ್ಪನೆ ಇದು.

ಈ ಸೂಕ್ಷ್ಮವನ್ನು ಗಂಭೀರವಾಗಿ ಹಿಡಿದವನು ಡಚ್ ವಿದ್ವಾಂಸ ಕೈಪರ್. 1970ರ ತನ್ನ ಲೇಖನದಲ್ಲಿ ಆತ ಆದಿಜಲ ಮತ್ತು ಅದರ ಮೇಲೆ ತೇಲುವ ಮಣ್ಣುಗುಡ್ಡೆಯ ವೈದಿಕ ಚಿತ್ರವನ್ನು ಗರ್ಭದ ಅನುಭವದೊಂದಿಗೆ ಜೋಡಿಸಿದ. ಹುಟ್ಟುವ ಮೊದಲಿನ ನೆನಪು ಮನುಷ್ಯನಲ್ಲಿ ಉಳಿದಿರುತ್ತದೆ ಎಂಬವರೆಗೆ ಹೋದದ್ದು ಅತಿಯಾಯಿತು. ಆದರೂ ಮೊಟ್ಟೆಯನ್ನು ದೇಹದ ಕಡೆಗೆ ತಿರುಗಿಸಿದ ಋಣ ಅವನದು.

ಪುರಾಣಗಳ ಕಾಲಕ್ಕೆ ಚಿತ್ರ ಬದಲಾಗುತ್ತದೆ. ವಿಷ್ಣುಪುರಾಣದಲ್ಲಿ ಮೊಟ್ಟೆ ಹುಟ್ಟುವ ವಸ್ತುವಾಗಿರುವುದಕ್ಕಿಂತ ಹೆಚ್ಚಾಗಿ ಲೋಕದ ನಕ್ಷೆಯಾಗುತ್ತದೆ, ಪದರದ ಮೇಲೆ ಪದರ ಸುತ್ತಿಕೊಂಡ ವ್ಯವಸ್ಥೆಯಾಗುತ್ತದೆ. ನೀರು ಎಲ್ಲಕ್ಕೂ ಮೊದಲಿನದಾಗಿ ಉಳಿಯುವುದಿಲ್ಲ, ಹಿಂದಿನ ಲೋಕ ಮುಳುಗಿದ ಮೇಲೆ ಉಳಿದ ಪ್ರಳಯಜಲವಾಗುತ್ತದೆ. ಅದರ ಮೇಲೆ ಒಬ್ಬ ಮಲಗಿದ್ದಾನೆ. ಮೊಟ್ಟೆಗೆ ಹೊರಗಿನವರು ಬೇಕಿಲ್ಲ, ಅದು ಒಳಗಿಂದಲೇ ಒಡೆಯುತ್ತದೆ. ನೀರಿಗಾದರೆ ಮಲಗುವವನು, ಮುಳುಗಿ ಎತ್ತುವವನು, ಕಡೆಯುವವನು ಯಾರಾದರೂ ಬೇಕು. ನನ್ನ ಮಟ್ಟಿಗೆ ಈ ಎರಡು ಚಿತ್ರಗಳ ನಡುವಿನ ಮುಖ್ಯ ವ್ಯತ್ಯಾಸ ಇದೇ.

ಶಿಲ್ಪಿ ಆರಿಸಿಕೊಂಡದ್ದು ನೀರನ್ನು. 1117ರ ಬೇಲೂರಿನ ಹೊರಗೋಡೆಯಲ್ಲಿ ವರಾಹನಿದ್ದಾನೆ, ಶೇಷಶಾಯಿಯಿದ್ದಾನೆ. ಹಳೇಬೀಡಿನ ಹೊಯ್ಸಳೇಶ್ವರದಲ್ಲಿ ಸಮುದ್ರಮಥನವಿದೆ. ಒಡೆಯುತ್ತಿರುವ ಹೊನ್ನಿನ ಮೊಟ್ಟೆ ಮಾತ್ರ ಈ ಗೋಡೆಗಳಲ್ಲಿ ನನ್ನ ಕಣ್ಣಿಗೆ ಬಿದ್ದಿಲ್ಲ. ಮೊಟ್ಟೆಯಿಂದ ಬಂದ ಬ್ರಹ್ಮನಿದ್ದಾನೆ, ಮೊಟ್ಟೆಯಿಲ್ಲ. ವರಾಹನನ್ನೇ ಹಿಡಿದು ನೋಡೋಣ. ಶತಪಥದಲ್ಲಿ ಹಂದಿ ಎತ್ತಿದ ಭೂಮಿ ಒಂದು ಗೇಣಿನಷ್ಟೇ ಇತ್ತು. ಅಲ್ಲಿ ಶತ್ರುವಿಲ್ಲ, ಕೆಸರಿನಿಂದ ನೆಲ ಮೇಲೇಳುವುದಷ್ಟೇ ಇದೆ. ಹಳೇಬೀಡಿನ ಗೋಡೆಯಲ್ಲಿ ಹಿರಣ್ಯಾಕ್ಷ ಕಾಲಡಿ ಬಿದ್ದಿದ್ದಾನೆ, ಭೂದೇವಿ ಚಿಕ್ಕವಳಾಗಿದ್ದಾಳೆ, ನೀರು ಹಿಂದೆ ಸರಿದಿದೆ. ಸೃಷ್ಟಿಯ ಕಥೆ ಯುದ್ಧದ ಕಥೆಯಾಗಿದೆ. ಗೆದ್ದು ನೆಲ ಕಟ್ಟುತ್ತಿದ್ದ ವಿಷ್ಣುವರ್ಧನನ ಕಾಲಕ್ಕೆ ಇದು ಒಪ್ಪುವ ಆಯ್ಕೆಯೇ.

ಇಂಥ ಓದಿಗೆ ಅಡಿಪಾಯ ಹಾಕಿದವರು ನಮ್ಮವರೇ. ಬಿ.ಎಲ್. ರೈಸ್ ಹಾಸನ ಜಿಲ್ಲೆಯ ಶಾಸನಗಳನ್ನು ಒಟ್ಟುಮಾಡಿದರು. ಆರ್. ನರಸಿಂಹಾಚಾರ್ 1919ರಲ್ಲಿ ಬೇಲೂರಿನ ಕೇಶವ ದೇವಾಲಯವನ್ನು ಕುರಿತು ಪುಸ್ತಕ ತಂದು ಗೋಡೆಯ ವಿಗ್ರಹಗಳನ್ನು ಒಂದೊಂದಾಗಿ ಗುರುತಿಸಿದರು. 1992ರಲ್ಲಿ ಷ. ಶೆಟ್ಟರ್ ಹೊಯ್ಸಳ ದೇವಾಲಯಗಳ ಗ್ರಂಥದಲ್ಲಿ ಶಿಲ್ಪಿಯನ್ನು ಹೆಸರುಳ್ಳ ಮನುಷ್ಯನನ್ನಾಗಿ ಮುಂದೆ ತಂದರು. ನನ್ನ ತಲೆಮಾರಿನವರು ಕಲಿತದ್ದು ಇವರಿಂದ: ಗ್ರಂಥ ತೆರೆಯುವ ಮೊದಲು ಗೋಡೆಯ ಸುತ್ತ ಒಂದು ಸುತ್ತು ಬರಬೇಕು. ಹಾಗೆ ಬಂದವರಿಗೆ ಹಳೇಬೀಡಿನ ಪಟ್ಟಿಕೆಗಳ ಕ್ರಮ ಮಾತಾಡುತ್ತದೆ. ಕೆಳಗೆ ಆನೆ, ಸಿಂಹ, ಬಳ್ಳಿ, ಕುದುರೆ, ಮತ್ತೆ ಬಳ್ಳಿ. ಅದರ ಮೇಲೆ ಪುರಾಣಕಥೆಗಳು. ಕಥೆಗಳ ಮೇಲೆ ಮಕರ, ಹಂಸ. ಈ ನೀರಿನ ಪ್ರಾಣಿಗಳ ಸಾಲಿನ ಮೇಲೆ ದೇವತೆಗಳು ನಿಲ್ಲುತ್ತಾರೆ. ಇದನ್ನು ಅಲಂಕಾರವೆಂದಷ್ಟೇ ಬರೆದು ಮುಂದೆ ಹೋಗುವವರೇ ಹೆಚ್ಚು. ಕಥೆಗೂ ದೇವರಿಗೂ ನಡುವೆ ನೀರನ್ನು ಇಟ್ಟದ್ದು ಯೋಚಿಸಿ ಮಾಡಿದ್ದೆಂದು ನಾನು ನಂಬುತ್ತೇನೆ.

ಅದೇ ಹೊತ್ತಿನಲ್ಲಿ ಜಾನಪದದ ಕಡೆಯಿಂದ ಮತ್ತೊಂದು ಬಾಗಿಲು ತೆರೆಯಿತು. 1997ರಲ್ಲಿ ಹಿ.ಚಿ. ಬೋರಲಿಂಗಯ್ಯ ಸಂಪಾದಿಸಿದ ಮಂಟೇಸ್ವಾಮಿ ಮಹಾಕಾವ್ಯ ಜಗತ್ತಿನ ಸೃಷ್ಟಿಯಿಂದಲೇ ಶುರುವಾಗುತ್ತದೆ. ಎ.ಕೆ. ರಾಮಾನುಜನ್ ಚರ್ಚಿಸಿದ ಕನ್ನಡದ ಆದಿಶಕ್ತಿಯ ಕಥೆಯಲ್ಲಿ ಆಕೆಯೇ ತ್ರಿಮೂರ್ತಿಗಳನ್ನು ಹುಟ್ಟಿಸಿ, ಒಬ್ಬೊಬ್ಬರನ್ನೂ ತನ್ನನ್ನು ಮದುವೆಯಾಗೆಂದು ಕೇಳುತ್ತಾಳೆ. ಒಲ್ಲೆನೆಂದವರು ಬೂದಿಯಾಗುತ್ತಾರೆ. ಗರ್ಭದ ಒಡತಿಯನ್ನು ಮರೆಸಿ ಮೊಟ್ಟೆಯನ್ನು ತಾನೇ ತಾನಾಗಿ ತೇಲಿಸಿದ ಗ್ರಂಥಕಾರರಿಗೆ ಹಳ್ಳಿಯ ಹಾಡುಗಾರರು ಕೊಟ್ಟ ಉತ್ತರ ಇದು.

ಇಷ್ಟೆಲ್ಲದರ ನಡುವೆ ಯಾರೂ ಸರಿಯಾಗಿ ಕೈಹಾಕದ ಒಂದು ಭಾಗವಿದೆ. ಹೊಯ್ಸಳೇಶ್ವರದಿಂದ ನಡೆದು ಹೋಗುವಷ್ಟು ದೂರದಲ್ಲಿ ಪಾರ್ಶ್ವನಾಥ, ಆದಿನಾಥ, ಶಾಂತಿನಾಥ ಬಸದಿಗಳಿವೆ. ಅರಸೀಕೆರೆಯಲ್ಲಿ 1220ರ ಸುಮಾರಿಗೆ ರೇಚರಸ ಕಟ್ಟಿಸಿದ ಸಹಸ್ರಕೂಟ ಜಿನಾಲಯವಿದೆ. ಜೈನರ ಲೋಕಕ್ಕೆ ಆದಿಯೂ ಇಲ್ಲ, ಕರ್ತೃವೂ ಇಲ್ಲ. ಒಂಬತ್ತನೆಯ ಶತಮಾನದಲ್ಲೇ ಜಿನಸೇನ ಮಹಾಪುರಾಣದಲ್ಲಿ ಕೇಳಿದ್ದ: ಲೋಕವನ್ನು ಮಾಡಿದವನು ಅದಕ್ಕೂ ಮೊದಲು ಎಲ್ಲಿದ್ದ, ಯಾವ ಸಾಮಗ್ರಿಯಿಂದ ಮಾಡಿದ? ಅವರ ಆದಿನಾಥ ಲೋಕವನ್ನು ಸೃಷ್ಟಿಸುವುದಿಲ್ಲ; ಕಲ್ಪವೃಕ್ಷಗಳು ಬತ್ತಿದಾಗ ಜನರಿಗೆ ಬೇಸಾಯ, ಬರಹ, ಕಸುಬುಗಳನ್ನು ಕಲಿಸುತ್ತಾನೆ. 941ರಲ್ಲಿ ಪಂಪ ಕನ್ನಡದಲ್ಲಿ ಹೇಳಿದ್ದು ಇದೇ ಆದಿಯ ಕಥೆ.

ಒಂದೇ ಊರಿನಲ್ಲಿ, ಒಂದೇ ಕಾಲದಲ್ಲಿ, ಅದೇ ಬಳಪದ ಕಲ್ಲಿನಲ್ಲಿ ಸೃಷ್ಟಿಯನ್ನು ಹೇಳುವ ಗೋಡೆಯೂ ಅದನ್ನು ಒಪ್ಪದ ಗುಡಿಯೂ ಎದ್ದವು. ಸೃಷ್ಟಿಕಥೆಗಳ ಮೇಲೆ ಬರೆಯುವವರು ಬಸದಿಗೆ ಹೋಗುವುದಿಲ್ಲ, ಬಸದಿಯ ಮೇಲೆ ಬರೆಯುವವರು ವರಾಹನನ್ನು ನೋಡುವುದಿಲ್ಲ. ಈಗ ಬೇಕಿರುವುದು ಬೇಲೂರು, ಹಳೇಬೀಡು, ಅರಸೀಕೆರೆಗಳನ್ನು ಒಟ್ಟಿಗೆ ಹಿಡಿದು ವರಾಹ, ಶೇಷಶಾಯಿ, ಮಥನ, ಮಕರಗಳು ಯಾವ ದಿಕ್ಕಿನ ಗೋಡೆಯಲ್ಲಿ, ಯಾವ ಬಾಗಿಲ ಪಕ್ಕದಲ್ಲಿ, ಯಾವ ವಿಗ್ರಹದ ನೆರೆಯಲ್ಲಿವೆ ಎಂದು ಗುರುತಿಸುವ ನಕ್ಷೆ. ಬಸದಿಗಳ ಗೋಡೆಗಳು ಯಾವುದನ್ನು ಬಿಟ್ಟಿವೆ ಎಂಬುದೂ ಅದೇ ನಕ್ಷೆಯಲ್ಲಿ ದಾಖಲಾಗಬೇಕು.