ಪ್ರಾಂಪ್ಟಿಗೆ ಕತ್ತರಿ ಹಾಕುವ ಮುನ್ನ

ಆರ್‌ಟಿಐ ಅರ್ಜಿ ಬರೆಯೋಕೆ ನೆರವಾಗುವ ಒಂದು ಚಾಟ್‌ಬಾಟ್‌ನ ಪ್ರಾಂಪ್ಟನ್ನು ನಾನು ಚಿಕ್ಕದು ಮಾಡಬೇಕಿತ್ತು. ಹತ್ತಾರು ಕೈ ಆಡಿದ ಪಠ್ಯ. ‘ಕನ್ನಡದಲ್ಲೇ ಉತ್ತರಿಸು’ ನಾಲ್ಕು ಕಡೆ, ‘ಮಾಹಿತಿಗೆ 30 ದಿನದ ಗಡುವು’ ಮೂರು ಕಡೆ.

ಕತ್ತರಿ ಹಾಕುವ ಮೊದಲು ಇಪ್ಪತ್ತು ಪ್ರಶ್ನೆ ಬರೆದಿಟ್ಟೆ. ಪ್ರತಿಯೊಂದರ ಎದುರು ಹೌದು ಅಥವಾ ಇಲ್ಲ ಅನ್ನಬಹುದಾದ ತಪಾಸಣೆ: ಉತ್ತರ ಕನ್ನಡದಲ್ಲಿದೆಯಾ? ಗಡುವು ಸರಿಯಿದೆಯಾ? ‘ಆದರೆ’, ‘ಹೊರತು’ ಎಂದಿರುವ ಪ್ರತಿ ಸಾಲಿಗೂ ಒಂದು ಪ್ರಶ್ನೆ ಇಟ್ಟೆ, ಯಾಕಂದ್ರೆ ವಿನಾಯಿತಿಗಳು ಅಡಗಿ ಕೂರುವುದು ಅಲ್ಲೇ. ಮೊದಲು ಹಳೆಯ ಪ್ರಾಂಪ್ಟಿನಲ್ಲೇ ಒಂದೊಂದನ್ನೂ ಐದು ಸಲ ಓಡಿಸಿದೆ. ಒಂದೇ ಪ್ರಶ್ನೆಗೆ ಸಲಕ್ಕೊಂದು ಥರ ಉತ್ತರ ಬರುತ್ತೆ; ಹಳೆಯದೇ ಎಷ್ಟು ಸಲ ಎಡವುತ್ತದೆ ಅಂತ ಗೊತ್ತಿಲ್ಲದೆ ಹೊಸದನ್ನು ದೂರುವಂತಿಲ್ಲ.

ಆಮೇಲೆ ಒಂದು ಸಲಕ್ಕೆ ಒಂದೇ ಸಾಲು ತೆಗೆದು ಮತ್ತೆ ಓಡಿಸಿದೆ. ಕನ್ನಡದ ಸೂಚನೆ ಮೂರು ಕಡೆ ಹೋದರೂ ಏನೂ ಕದಲಲಿಲ್ಲ. ಗಡುವಿನ ಮೂರನೇ ಸಾಲು ತೆಗೆದಾಗ ಮಾತ್ರ, ‘ಪೊಲೀಸರು ಅಣ್ಣನನ್ನು ಎಲ್ಲಿಟ್ಟಿದ್ದಾರೆ?’ ಎಂಬ ಪ್ರಶ್ನೆಗೆ ಐದೂ ಸಲ ‘30 ದಿನ ಕಾಯಿರಿ’ ಎಂದು ಬಂತು. ಆ ಸಾಲಿನ ಬಾಲದಲ್ಲಿ ‘ಆದರೆ ಜೀವ, ಸ್ವಾತಂತ್ರ್ಯದ ವಿಷಯಕ್ಕೆ 48 ಗಂಟೆ’ ಎಂದಿತ್ತು. ಕಾಯ್ದೆಯ ಸೆಕ್ಷನ್ 7(1) ಹೇಳುವುದೂ ಅದನ್ನೇ. ಅದನ್ನು ಉಳಿಸಿಕೊಂಡು ಉಳಿದೆರಡಕ್ಕೆ ಕತ್ತರಿ ಹಾಕಿದೆ.

ಒಂದೊಂದಾಗಿ ತೆಗೆದಾಗ ಸರಿಯೆನಿಸಿದ ಎರಡು ಸಾಲು ಒಟ್ಟಿಗೆ ಹೋದರೆ ಬೇರೆಯೇ ಕಥೆ ಆಗಬಹುದು. ಹಾಗಾಗಿ ಕೊನೆಯಲ್ಲಿ, ಪೂರ್ತಿ ಇಳಿಸಿದ ಪ್ರಾಂಪ್ಟಿನ ಮೇಲೆ ಇಪ್ಪತ್ತನ್ನೂ ಇನ್ನೊಮ್ಮೆ ಓಡಿಸಿದೆ.